ಶಾಲೆಯ ಹೆಸರು ಮುಚ್ಚಬೇಕು, ಸೀರೆಯ ಬಣ್ಣ ಬದಲಿಸಬೇಕು: ಫೋಟೋ ಮನೆ ಬಿಟ್ಟು ಹೋಗದೆ ಮಾಡುವುದು ಹೇಗೆ?

ಪ್ರಶ್ನೆ: ಸರ್, ನಾವು ಡೊಂಬಿವಲಿಯಲ್ಲಿದ್ದೇವೆ. ನಮ್ಮ ಮಾವನವರ ಎಪ್ಪತ್ತರ ಶಾಂತಿಯ ದಿನ ತೆಗೆದ ಗ್ರೂಪ್ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕು. 8 ವರ್ಷದ ಮಗಳು ಶಾಲೆಯಿಂದ ನೇರ ಹಾಲ್‌ಗೆ ಬಂದಿದ್ದರಿಂದ ಪಿ.ಟಿ. ಟೀಶರ್ಟ್‌ನಲ್ಲೇ ಇದ್ದಾಳೆ. ಅದರ ಮೇಲೆ ಶಾಲೆಯ ಹೆಸರು ದೊಡ್ಡದಾಗಿದೆ. ನಾವೆಲ್ಲ ಮರೂನ್ ಸೀರೆ ಉಟ್ಟಿದ್ದೆವು, ನಾದಿನಿ ಮಾತ್ರ ಕಡು ಹಸಿರು. ಅಕ್ಕನ ಮಗ ಒಂದು ಫ್ರೀ ಸೈಟ್ ಹೇಳಿದ್ದಾನೆ. ಒಂದೇ ಕ್ಲಿಕ್‌ಗೆ ಬಟ್ಟೆ ಬದಲಾಗುತ್ತದಂತೆ, ಒಂದು ಗಂಟೆಯಲ್ಲಿ ಫೋಟೋ ತಾನಾಗಿ ಡಿಲೀಟ್ ಆಗುತ್ತದಂತೆ. ನಮ್ಮೆಜಮಾನರು ಬೇಡ ಅಂತಾರೆ. ಮನೆಯಲ್ಲಿ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಏನು ಮಾಡಲಿ?

ಉತ್ತರ: ನಿಮ್ಮೆಜಮಾನರ ಮಾತೇ ಸರಿ. ಬೇರೆಯವರ ಕಣ್ಣಿಗೆ ಬೀಳಬಾರದು ಅಂತ ಶಾಲೆಯ ಹೆಸರು ಮುಚ್ಚಲು ಹೊರಟು, ಆ ಹೆಸರು ಸ್ಪಷ್ಟವಾಗಿ ಕಾಣುವ ಒರಿಜಿನಲ್ ಫೋಟೋವನ್ನೇ ಗುರುತಿಲ್ಲದವರ ಕೈಗೆ ಕೊಟ್ಟ ಹಾಗಾಗುತ್ತದೆ, ಅಲ್ವಾ? ನಿಮ್ಮ ಎರಡೂ ಕೆಲಸ ಆ ಹಳೇ ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ. ಒಂದು ಸಂಜೆ ಕೂತರೆ ಸಾಕು. ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಆ 'ಒಂದು ಗಂಟೆಯಲ್ಲಿ ಡಿಲೀಟ್' ಅನ್ನುವ ಮಾತನ್ನು ನೋಡೋಣ.

ನೀವು ಅಪ್‌ಲೋಡ್ ಒತ್ತಿದ ಕೂಡಲೇ ಫೋಟೋದ ಒಂದು ಪ್ರತಿ ಅವರ ಸರ್ವರ್‌ನಲ್ಲಿ ಕೂರುತ್ತದೆ. ಇಂಥ ಎಷ್ಟೋ ಸಣ್ಣ ಸೈಟ್‌ಗಳಿಗೆ ಸ್ವಂತ ಎಐ ಇರುವುದಿಲ್ಲ. ಅವು ಫೋಟೋವನ್ನು ಇನ್ನೊಂದು ಕಂಪನಿಯ ಸರ್ವರ್‌ಗೆ ಕಳಿಸಿ, ಅಲ್ಲಿ ಮಾಡಿಸಿ, ನಿಮಗೆ ವಾಪಸ್ ತೋರಿಸುತ್ತವೆ. ಅಲ್ಲಿಗೆ ಎರಡು ಕಡೆ ಪ್ರತಿ ಆಯಿತು. ಅದರ ಮೇಲೆ ಬ್ಯಾಕಪ್ ಬೇರೆ. ಸಿದ್ಧವಾದ ಫೋಟೋ ಎಷ್ಟೋ ಸಲ ಒಂದು ಉದ್ದನೆಯ ಲಿಂಕ್‌ನಲ್ಲಿ ಇರುತ್ತದೆ. ಪಾಸ್‌ವರ್ಡ್ ಏನೂ ಇಲ್ಲ, ಲಿಂಕ್ ಸಿಕ್ಕವರೆಲ್ಲ ತೆರೆಯಬಹುದು. 'ಡಿಲೀಟ್' ಅಂದರೆ ಇವುಗಳಲ್ಲಿ ಯಾವ ಪ್ರತಿ ಹೋಯಿತು? ಹೊರಗಿನಿಂದ ನೋಡುವ ನಮಗೆ ತಿಳಿಯುವ ದಾರಿಯೇ ಇಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದಲ್ಲಿ 'ಎವರ್' ಅಂತ ಒಂದು ಫೋಟೋ ಆ್ಯಪ್ ಇತ್ತು, ಎವರ್‌ಆಲ್ಬಮ್ ಕಂಪನಿಯದು. ಖಾತೆ ಮುಚ್ಚಿದವರ ಫೋಟೋಗಳನ್ನು ಅಳಿಸುತ್ತೇವೆ ಎಂದು ಹೇಳಿ ಅಳಿಸಿರಲಿಲ್ಲ, ಬಳಕೆದಾರರ ಫೋಟೋಗಳಿಂದ ಮುಖ ಗುರುತಿಸುವ ತಂತ್ರವನ್ನು ಬೆಳೆಸಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 2021ರಲ್ಲಿ ಆದ ಒಪ್ಪಂದದಲ್ಲಿ ಫೋಟೋಗಳ ಜೊತೆಗೆ ಅವುಗಳಿಂದ ಕಟ್ಟಿದ ಮಾಡೆಲ್‌ಗಳನ್ನೂ ಅಳಿಸಬೇಕು ಎಂದಾಯಿತು. ಅದು ಹೆಸರು, ವಿಳಾಸ ಎಲ್ಲ ಇದ್ದ ಕಂಪನಿ. ಅಕ್ಕನ ಮಗ ಹೇಳಿದ ಸೈಟ್‌ನ ಕೆಳಗೆ ಕಂಪನಿಯ ಹೆಸರಾದರೂ ಇದೆಯಾ, ಒಮ್ಮೆ ನೋಡಿ.

ನಮ್ಮ ದೇಶದಲ್ಲೂ ಕಾನೂನು ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸುವ ಕಂಪನಿ ತಂದೆತಾಯಿಯ ಒಪ್ಪಿಗೆ ಪಡೆದು, ಆ ಒಪ್ಪಿಗೆ ನಿಜವೇ ಎಂದು ಪರಿಶೀಲಿಸಬೇಕು. ನಿಮ್ಮಂತೆ ಮನೆ ಬಳಕೆಗೆ ಫೋಟೋ ಇಟ್ಟುಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ. ಆದರೆ ಎಲ್ಲೋ ಹೊರದೇಶದಲ್ಲಿ ಕೂತು ಫ್ರೀ ಸೈಟ್ ನಡೆಸುವವನನ್ನು ಹಿಡಿದು ತರುವವರು ಯಾರು? ಫೋಟೋ ಹೋದ ಮೇಲೆ ಕಾನೂನು ಹುಡುಕುವುದಕ್ಕಿಂತ ಕಳಿಸದೆ ಇರುವುದು ಸುಲಭ.

ಇನ್ನೊಂದು ಮಾತನ್ನು ಬಿಚ್ಚಿಯೇ ಹೇಳಬೇಕು. 'ಬಟ್ಟೆ ಬದಲಿಸಿ' ಎನ್ನುವ ಸೈಟ್‌ಗಳಲ್ಲಿ ಕೆಲವು ಕೋಟು ಹಾಕುವ ಯಂತ್ರದಿಂದಲೇ ಬಟ್ಟೆ ತೆಗೆದ ಸುಳ್ಳು ಚಿತ್ರವನ್ನೂ ಮಾಡುತ್ತವೆ. ಮುಖಪುಟದಲ್ಲಿ ಬ್ಲೇಜರ್, ಸೀರೆ ಎಂದೇ ಇರುತ್ತದೆ. ಹಾಗಾಗಿ ಹೆಂಗಸರ ಮತ್ತು ಮಕ್ಕಳ ಫೋಟೋ ಆ ಜಾತಿಯ ಸೈಟ್‌ಗೆ ಹೋಗಲೇಬಾರದು. ಈಗಾಗಲೇ ಹೋಗಿ ಏನಾದರೂ ಹೆಚ್ಚುಕಮ್ಮಿ ಆದರೆ cybercrime.gov.in ನಲ್ಲಿ ದೂರು ಕೊಡಿ. ಹೆಂಗಸರು, ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಅಲ್ಲಿ ನಿಮ್ಮ ಹೆಸರು ಹೇಳದೆಯೂ ಕೊಡಬಹುದು.

ಸರಿ, ಕೆಲಸಕ್ಕೆ ಬರೋಣ.

ಮೊದಲು ಒರಿಜಿನಲ್ ಫೈಲ್ ನಿಮಗೆ ಹೇಗೆ ಬಂತು ಅಂತ ನೆನಪಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದಿದ್ದರೆ ಅದು ಕುಗ್ಗಿರುತ್ತದೆ, ದೊಡ್ಡ ಪ್ರಿಂಟ್‌ಗೆ ಆಗುವುದಿಲ್ಲ. 'ಡಾಕ್ಯುಮೆಂಟ್' ಆಗಿ ಬಂದಿದ್ದರೆ ಪೂರ್ತಿ ಸೈಜ್ ಇರುತ್ತದೆ. ಆದರೆ ಅದರೊಳಗೆ ಇನ್ನೂ ಏನೇನೋ ಇರುತ್ತದೆ: ಯಾವ ಮೊಬೈಲ್, ಯಾವ ದಿನ, ಎಷ್ಟು ಗಂಟೆಗೆ, ಲೊಕೇಶನ್ ಆನ್ ಇದ್ದರೆ ಯಾವ ಜಾಗದಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ Properties, ಅದರಲ್ಲಿ Details ನೋಡಿ. ಕೆಳಗೆ GPS ಎಂದು ಅಂಕಿಗಳು ಕಂಡರೆ ಅವನ್ನು ಮ್ಯಾಪ್‌ನಲ್ಲಿ ಹಾಕಿ. ನೇರ ನಿಮ್ಮ ಹಾಲ್‌ನ ಮೇಲೆ ಚುಕ್ಕೆ ಬೀಳುತ್ತದೆ. ಮನೆಯಲ್ಲಿ ತೆಗೆದ ಫೋಟೋ ಆಗಿದ್ದರೆ ನಿಮ್ಮ ಬಿಲ್ಡಿಂಗ್ ಮೇಲೆ. ಶಾಲೆಯ ಹೆಸರು, ಮಗುವಿನ ಮುಖ, ಮನೆಯ ಜಾಗ, ಮೂರೂ ಒಂದೇ ಫೈಲ್‌ನಲ್ಲಿ!

ಈಗ ಫೋಟೋವನ್ನು ಎಲ್ಲಿ ಇಡುತ್ತೀರಿ ಅನ್ನುವುದು. ವಿಂಡೋಸ್‌ನಲ್ಲಿ ಒನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ Desktop, Documents, Pictures ಈ ಮೂರರಲ್ಲಿ ಇಟ್ಟಿದ್ದೆಲ್ಲ ತಾನಾಗಿ ಮೇಲೆ ಹೋಗುತ್ತದೆ. ನೀವು ಮನೆಯಲ್ಲೇ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿರುತ್ತೀರಿ, ಅರ್ಧಂಬರ್ಧ ಫೈಲ್ ಕೂಡ ಇಂಟರ್ನೆಟ್‌ಗೆ ಹೋಗಿರುತ್ತದೆ. ಒನ್‌ಡ್ರೈವ್ ಕೆಟ್ಟದ್ದು ಅಂತಲ್ಲ, ಅದು ನಿಮ್ಮದೇ ಖಾತೆ. ಆದರೂ ಈ ಕೆಲಸಕ್ಕೆ C ಡ್ರೈವ್‌ನಲ್ಲಿ ನೇರವಾಗಿ kelasa ಅಂತ ಒಂದು ಫೋಲ್ಡರ್ ಮಾಡಿ, ಫೋಟೋದ ಒಂದು ಪ್ರತಿಯನ್ನು shanti.jpg ಹೆಸರಲ್ಲಿ ಅಲ್ಲಿಡಿ. ಒರಿಜಿನಲ್ ಮುಟ್ಟಬೇಡಿ.

ಎಡಿಟ್ ಮಾಡಲು ಗಿಂಪ್ ಎನ್ನುವ ಸಾಫ್ಟ್‌ವೇರ್ ಸಾಕು. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. gimp.org ನಿಂದಲೇ ಇಳಿಸಿಕೊಳ್ಳಿ, ಅದೇ ಹೆಸರಿನ ಬೇರೆ ಸೈಟ್‌ಗಳು ಬೇಡ. ಇನ್‌ಸ್ಟಾಲ್ ಆದ ಮೇಲೆ ವೈಫೈ ಆಫ್ ಮಾಡಿ ತೆರೆಯಿರಿ. ಎಲ್ಲ ಕೆಲಸವೂ ಹಾಗೇ ನಡೆಯುತ್ತದೆ.

ಟೀಶರ್ಟ್‌ನಿಂದ ಶುರು ಮಾಡೋಣ. ನೀಲಿ ಬಟ್ಟೆಯ ಮೇಲೆ ಬಿಳಿ ಅಕ್ಷರ ಅಂತ ಇಟ್ಟುಕೊಳ್ಳಿ. ಗಿಂಪ್‌ನಲ್ಲಿ ಚಿತ್ರಗಳನ್ನು ಒಂದರ ಮೇಲೊಂದು ಹಾಳೆಯಂತೆ ಇಡಬಹುದು, ಆ ಹಾಳೆಗೆ ಲೇಯರ್ ಅನ್ನುತ್ತಾರೆ. ಫೋಟೋ ತೆರೆದು ಲೇಯರ್‌ನ ಇನ್ನೊಂದು ಪ್ರತಿ ಮಾಡಿಕೊಳ್ಳಿ, ಕೆಡಿಸಿದರೂ ಕೆಳಗಿನದು ಇರುತ್ತದೆ. ಹೊಸಬರು ಇಲ್ಲಿ ಮಾಡುವ ತಪ್ಪು ಅಂದರೆ ನೇರ ಹೀಲ್ ಟೂಲ್ ಹಿಡಿಯುವುದು. ಹೀಲ್ ಸುತ್ತಲಿನ ಬಣ್ಣವನ್ನು ಬೆರೆಸಿ ತುಂಬುತ್ತದೆ. ಪಕ್ಕದಲ್ಲಿ ಇನ್ನೂ ಬಿಳಿ ಅಕ್ಷರ ಇದ್ದರೆ ಆ ಬಿಳಿಯನ್ನೂ ಎಳೆದುಕೊಂಡು ಬರುತ್ತದೆ. ನೀಲಿ ಟೀಶರ್ಟ್ ಮೇಲೆ ಹಾಲು ಚೆಲ್ಲಿ ಒರೆಸಿದ ಹಾಗೆ ಮಸುಕು ಕಲೆ ಉಳಿಯುತ್ತದೆ. ಆದ್ದರಿಂದ ಮೊದಲು ಕ್ಲೋನ್ ಟೂಲ್. ಕೀಬೋರ್ಡ್‌ನಲ್ಲಿ C ಒತ್ತಿ. ಅಕ್ಷರಕ್ಕೆ ಹತ್ತಿರದ ಖಾಲಿ ಬಟ್ಟೆಯ ಮೇಲೆ Ctrl ಹಿಡಿದು ಒಂದು ಕ್ಲಿಕ್, ಆಮೇಲೆ ಅಕ್ಷರದ ಮೇಲೆ ಬಳಿಯಿರಿ. ಬ್ರಶ್‌ನ ಅಂಚು ಸ್ವಲ್ಪ ಮೆತ್ತಗಿರಲಿ.

ಎಲ್ಲಿಂದ ತೆಗೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಟೀಶರ್ಟ್‌ನ ಮಡಿಕೆ ಭುಜದಿಂದ ಸೊಂಟದ ಕಡೆಗೆ ಓರೆಯಾಗಿ ಇಳಿದಿದ್ದರೆ, ಅದೇ ಓರೆಯ ಮೇಲೋ ಕೆಳಗೋ ಇರುವ ಬಟ್ಟೆಯನ್ನೇ ತೆಗೆದುಕೊಳ್ಳಿ. ಅಡ್ಡಕ್ಕೆ ಪಕ್ಕದಿಂದ ತೆಗೆದರೆ ನೆರಳಿನ ಜಾಗಕ್ಕೆ ಬೆಳಕಿನ ಬಟ್ಟೆ ಬಂದು ತೇಪೆ ಹಾಕಿದಂತೆ ಕಾಣುತ್ತದೆ. ಒಂದೇ ಜಾಗದಿಂದ ತೆಗೆಯುತ್ತಾ ಹೋದರೆ ಒಂದೇ ಸುಕ್ಕು ಮೂರು ನಾಲ್ಕು ಸಲ ಬಂದುಬಿಡುತ್ತದೆ. ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಎರಡು ಮೂರು ಅಕ್ಷರಕ್ಕೊಮ್ಮೆ ಜಾಗ ಬದಲಿಸಿ. ಬಿಳಿಯೆಲ್ಲ ಹೋದ ಮೇಲೆ ಹೀಲ್ ಟೂಲ್‌ನಿಂದ ಕೂಡುಗೆರೆಗಳನ್ನು ಮೆತ್ತಗೆ ಮಾಡಿ.

ಮಬ್ಬು ಮಾಡಿದರೆ ಸಾಲದಾ ಅಂತ ಕೇಳುವವರು ಇರುತ್ತಾರೆ. ಸಾಲದು. ದೊಡ್ಡ ಅಕ್ಷರವನ್ನು ಸ್ವಲ್ಪ ಬ್ಲರ್ ಮಾಡಿದರೆ ಆ ಶಾಲೆ ಗೊತ್ತಿರುವವರು ದೂರದಿಂದಲೇ ಓದುತ್ತಾರೆ. ಮೊಬೈಲ್‌ನ ಹೈಲೈಟರ್ ಪೆನ್‌ನಿಂದ ಮುಚ್ಚಿದರೆ ಇನ್ನೂ ಮೋಸ, ಅದು ಅರೆಪಾರದರ್ಶಕ. ಬ್ರೈಟ್‌ನೆಸ್ ಏರಿಸಿದರೆ ಅಕ್ಷರ ಮತ್ತೆ ಎದ್ದು ಬರುತ್ತದೆ. ಹೆಸರು ಹೋದ ಮೇಲೆ ಶಾಲೆಯ ಲಾಂಛನ, ತೋಳಿನ ಪಟ್ಟಿ, ಕೊರಳಲ್ಲಿ ಐಡಿ ಕಾರ್ಡ್ ಇವನ್ನೂ ನೋಡಿ. ಜನ ಹೆಸರು ಅಳಿಸಿ ಐಡಿ ಕಾರ್ಡ್ ಬಿಟ್ಟಿರುತ್ತಾರೆ!

ಇನ್ನು ನಾದಿನಿಯ ಸೀರೆ. ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಕಡು ಹಸಿರು, ಮರೂನ್ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದ ಗಾಢ ಬಣ್ಣಗಳು. ಬಣ್ಣ ಮಾತ್ರ ಬದಲಾಗಿ ಬೆಳಕು ನೆರಳು ಹಾಗೇ ಉಳಿದರೆ ಸಾಕು. ಕಡು ಹಸಿರನ್ನು ನಿಂಬೆ ಹಳದಿ ಮಾಡಬೇಕಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಅಷ್ಟು ಗಾಢವಾದ ಜಾಗವನ್ನು ಬೆಳಗಿಸಿದರೆ ಕ್ಯಾಮೆರಾದ ಕಾಳು ಕಾಳು ಎಲ್ಲ ಮೇಲೆ ಬರುತ್ತದೆ.

ಹೊಸ ಖಾಲಿ ಲೇಯರ್ ಮಾಡಿ. ಪಕ್ಕದವರ ಸೀರೆಯ ಮಧ್ಯಮ ಬೆಳಕಿನ ಜಾಗದಿಂದ ಮರೂನ್ ಬಣ್ಣವನ್ನು ಹೆಕ್ಕಿ ಅದನ್ನೇ ಲೇಯರ್‌ಗೆ ತುಂಬಿ. ಆಗ ಎಲ್ಲರ ಮರೂನ್ ಒಂದೇ ಜಾತಿಯದಾಗುತ್ತದೆ. ಲೇಯರ್‌ನ ಮೋಡ್ ಅನ್ನು LCh Color ಗೆ ಬದಲಿಸಿ. ಇಡೀ ಫೋಟೋ ಮರೂನ್ ಆಗಿಬಿಡುತ್ತದೆ, ಗಾಬರಿ ಬೇಡ. ಆ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ Add Layer Mask, ಅದರಲ್ಲಿ Black ಆರಿಸಿ. ಬಣ್ಣ ಮಾಯವಾಗುತ್ತದೆ. D ಒತ್ತಿದರೆ ಬ್ರಶ್‌ನ ಎರಡು ಬಣ್ಣ ಕಪ್ಪು, ಬಿಳಿ ಆಗುತ್ತವೆ, X ಒತ್ತಿ ಬಿಳಿಗೆ ಬನ್ನಿ. ಈಗ ಬಿಳಿ ಬ್ರಶ್‌ನಿಂದ ಸೀರೆಯ ಮೇಲೆ ಬಳಿದಂತೆಲ್ಲ ಮರೂನ್ ಮೂಡುತ್ತದೆ. ಅಂಚು ದಾಟಿದರೆ X ಒತ್ತಿ ಕಪ್ಪಿಗೆ ಬಂದು ಒರೆಸಿ. ಸೀರೆ ಸಪಾಟಾಗಿ ಪೇಂಟ್ ಹೊಡೆದಂತೆ ಕಂಡರೆ ಲೇಯರ್‌ನ ಒಪಾಸಿಟಿ ಸ್ವಲ್ಪ ಇಳಿಸಿ.

ಜರಿ ಅಂಚಿಗೆ ಕೈ ಹಾಕಬೇಡಿ, ಮರೂನ್ ಬಿದ್ದರೆ ಜರಿ ತಾಮ್ರದ ತಂತಿಯಂತೆ ಕಾಣುತ್ತದೆ. ದೊಡ್ಡದು ಮಾಡಿಕೊಂಡು, ಸಣ್ಣ ಬ್ರಶ್ ಹಿಡಿದು, ಸಾವಧಾನವಾಗಿ ಅದನ್ನು ಬಿಟ್ಟು ಬಳಿಯಿರಿ. ನಿಮ್ಮ ಸಮಯದ ಅರ್ಧ ಅಲ್ಲೇ ಹೋಗುತ್ತದೆ.

ಇಷ್ಟಾದ ಮೇಲೂ ಏನೋ ಸರಿಯಿಲ್ಲ ಅನ್ನಿಸಬಹುದು. ಸಾಮಾನ್ಯವಾಗಿ ತಪ್ಪು ಸೀರೆಯಲ್ಲಿ ಇರುವುದಿಲ್ಲ, ಪಕ್ಕದಲ್ಲಿ ಇರುತ್ತದೆ. ಹಸಿರು ಸೀರೆಗೆ ಬಿದ್ದ ಬೆಳಕು ಪುಟಿದು ನಾದಿನಿಯ ಗದ್ದದ ಕೆಳಗೆ, ಮೊಣಕೈ ಒಳಬದಿಗೆ, ಪಕ್ಕದಲ್ಲಿ ನಿಂತ ಮಾವನವರ ಬಿಳಿ ಶಲ್ಯದ ಅಂಚಿಗೆ ಬಿದ್ದಿರುತ್ತದೆ. ಸೀರೆ ಮರೂನ್ ಆದ ಮೇಲೂ ಆ ತೆಳು ಹಸಿರು ಅಲ್ಲೇ ಕೂತಿರುತ್ತದೆ. ಅದೇ ಮಾಸ್ಕ್‌ನಲ್ಲಿ, ಬ್ರಶ್‌ನ ಒಪಾಸಿಟಿಯನ್ನು 15–20ಕ್ಕೆ ಇಳಿಸಿ ಆ ಜಾಗಗಳ ಮೇಲೆ ಒಂದೆರಡು ಸಲ ಆಡಿಸಿ. ಚರ್ಮದ ಮೇಲೆ ಜಾಸ್ತಿ ಆದರೆ ಗಾಯದಂತೆ ಕೆಂಪಾಗುತ್ತದೆ, ಹುಷಾರು. ಮತ್ತೆ, ಬಣ್ಣ ಬದಲಿಸುವ ಮುಂಚೆ ನಾದಿನಿಯನ್ನು ಒಂದು ಮಾತು ಕೇಳಿ. ಆ ಹಸಿರನ್ನು ಅವರು ಬೇಕಂತಲೇ ಉಟ್ಟಿರಬಹುದು, ಮುಂದೆ ಗೋಡೆ ಮೇಲೆ ನೋಡಿ ಮುನಿಸು ಯಾಕೆ?

ಟೀಶರ್ಟ್ ಪೂರ್ತಿ ತೆಗೆದು ಪರಕಾರ ಹಾಕಿಸಬೇಕು ಅಂತ ಆಸೆ ಆದರೆ? ಅದಕ್ಕೆ ಎಐ ಬೇಕು. ಅದನ್ನೂ ಮನೆಯ ಕಂಪ್ಯೂಟರ್‌ನಲ್ಲೇ ಓಡಿಸುವ ವ್ಯವಸ್ಥೆ ಇದೆ, ಕ್ರಿತಾ ಎನ್ನುವ ಸಾಫ್ಟ್‌ವೇರ್‌ಗೆ ಅಂಥ ಪ್ಲಗಿನ್ ಸಿಗುತ್ತದೆ. ಆದರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು, ಹಲವು ಜಿಬಿ ಮಾಡೆಲ್ ಇಳಿಸಬೇಕು. ನಿಮ್ಮ ಹಳೇ ಲ್ಯಾಪ್‌ಟಾಪ್‌ಗೆ ಅದು ಹೊರೆ. ಸೆಟಪ್ ಮಾಡುವಾಗ ಆನ್‌ಲೈನ್ ಸೇವೆಯೋ ಸ್ವಂತ ಕಂಪ್ಯೂಟರೋ ಅಂತ ಕೇಳುತ್ತದೆ. ಅಲ್ಲಿ ಆನ್‌ಲೈನ್ ಒತ್ತಿದರೆ ಮತ್ತೆ ಅದೇ ಕಥೆ. ದೊಡ್ಡವರ ಶರ್ಟ್‌ಗೆ ಕೋಟು ಹಾಕಲು ಬೇಕಾದರೆ ಯಾರಾದರೂ ಬಳಸಲಿ. ಮಗುವಿನ ಮೈಮೇಲಿನ ಬಟ್ಟೆಯನ್ನು ಮಾತ್ರ ಎಐಗೆ ಬಿಡಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಯಂತ್ರ ನಿಮ್ಮದೇ ಆದರೂ ಸರಿ. ಆ ಮಾಡೆಲ್‌ಗಳು ಎಂಥೆಂಥ ಚಿತ್ರ ನೋಡಿ ಕಲಿತಿವೆಯೋ, ಏನು ಬಿಡಿಸಿ ಕೊಡುತ್ತವೆಯೋ ಹೇಳಲಾಗದು. ಅಕ್ಷರ ಇಲ್ಲದ ಸಾದಾ ನೀಲಿ ಟೀಶರ್ಟ್‌ನಲ್ಲೂ ಮಗಳು ಚೆಂದವೇ ಕಾಣುತ್ತಾಳೆ.

ಗಿಂಪ್ ಕಲಿಯಲು ಬೇಜಾರು, ಬ್ರೌಸರ್‌ನಲ್ಲೇ ಆಗಲಿ ಅನ್ನುವವರಿಗೂ ದಾರಿ ಇದೆ. ಎಲ್ಲ ಆನ್‌ಲೈನ್ ಎಡಿಟರ್‌ಗಳೂ ಫೋಟೋ ಕಳಿಸುವುದಿಲ್ಲ. ಫೋಟೋಪಿಯಾದಂಥ ಕೆಲವು ನಿಮ್ಮ ಕಂಪ್ಯೂಟರ್‌ನಲ್ಲೇ ಕೆಲಸ ಮಾಡುತ್ತವೆ. ಯಾವುದೇ ಸೈಟ್ ಆಗಲಿ, ಪರೀಕ್ಷೆ ಮಾಡಬಹುದು. ಗೋಡೆಯದೋ ಮರದ್ದೋ ಒಂದು ಫೋಟೋ ತೆಗೆದುಕೊಳ್ಳಿ. ಪ್ರೈವೇಟ್ ವಿಂಡೋದಲ್ಲಿ ಸೈಟ್ ತೆರೆದು F12 ಒತ್ತಿ, Network ಎನ್ನುವ ಭಾಗಕ್ಕೆ ಹೋಗಿ. ಈಗ ಆ ಗೋಡೆಯ ಫೋಟೋವನ್ನು ಸೈಟ್‌ಗೆ ಕೊಡಿ. ಪಟ್ಟಿಯಲ್ಲಿ POST ಅಥವಾ PUT ಎಂಬ ಹೊಸ ಸಾಲು ಬಂದು, ನಿಮ್ಮ ಫೈಲ್‌ನಷ್ಟೇ ಎಂಬಿ ಹೊರಗೆ ಹೋದದ್ದು ಕಂಡರೆ ಫೋಟೋ ಹೋಯಿತು ಅಂತಲೇ ಲೆಕ್ಕ. ಇನ್ನೊಂದು ಉಪಾಯ: ಸೈಟ್ ಪೂರ್ತಿ ತೆರೆದ ಮೇಲೆ ವೈಫೈ ಆಫ್ ಮಾಡಿ, ಆಮೇಲೆ ಫೋಟೋ ಕೊಟ್ಟು ನೋಡಿ. ಎಡಿಟ್ ನಡೆದರೆ ಕೆಲಸ ಇಲ್ಲೇ ಆಗುತ್ತಿದೆ. ಫೈಲ್ ಸೇವ್ ಮಾಡಿ, ವಿಂಡೋ ಮುಚ್ಚಿ, ಆಮೇಲಷ್ಟೇ ವೈಫೈ ಆನ್ ಮಾಡಿ. ವಿಂಡೋ ತೆರೆದೇ ಇದ್ದರೆ ನೆಟ್ ಬಂದ ಕೂಡಲೇ ಕಳಿಸುವ ಸಾಧ್ಯತೆ ಇರುತ್ತದೆ. ಇಂಥ ಸೈಟ್‌ನಲ್ಲೂ ಒಂದೊಂದು ಎಐ ಬಟನ್ ಮಾತ್ರ ಸರ್ವರ್‌ಗೆ ಹೋಗುವುದುಂಟು, ಆದ್ದರಿಂದ ನೀವು ಬಳಸುವ ಬಟನ್ನನ್ನೇ ಒತ್ತಿ ಪರೀಕ್ಷಿಸಿ.

ಕೊನೆಗೆ ಗಿಂಪ್‌ನಿಂದ ಫೋಟೋ ಹೊರತೆಗೆಯುವುದು. File ಮೆನುವಿನಲ್ಲಿ Export As ಆರಿಸಿ, ಹೆಸರು shanti-print.jpg ಅಂತ ಕೊಡಿ. ಕ್ವಾಲಿಟಿ ಕೇಳುವ ಪೆಟ್ಟಿಗೆಯಲ್ಲಿ Exif, XMP, thumbnail ಎಂದು ಗುರುತು ಹಾಕುವ ಚೌಕಗಳಿರುತ್ತವೆ. ಮುಂಚೆ ಹೇಳಿದ ಮೊಬೈಲ್, ದಿನ, ಜಾಗದ ಮಾಹಿತಿ ಇವುಗಳ ಮೂಲಕವೇ ಫೈಲ್‌ನೊಳಗೆ ಹೋಗುವುದು, ಆದ್ದರಿಂದ ಆ ಗುರುತುಗಳನ್ನು ತೆಗೆಯಿರಿ. ಬಣ್ಣದ ಪ್ರೊಫೈಲ್‌ನ ಚೌಕ ಇರಲಿ, ಇಲ್ಲದಿದ್ದರೆ ಪ್ರಿಂಟ್‌ನಲ್ಲಿ ಮರೂನ್ ಬೇರೆಯಾಗಿ ಬರಬಹುದು. ಥಂಬ್‌ನೇಲ್‌ಗೆ ಯಾಕೆ ಅಷ್ಟು ಮಹತ್ವ ಅಂದರೆ, ಜೆಪೆಗ್ ಫೈಲ್‌ನೊಳಗೆ ಪುಟ್ಟ ಇನ್ನೊಂದು ಚಿತ್ರ ಅಡಗಿರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ದೊಡ್ಡ ಚಿತ್ರವನ್ನು ಬದಲಿಸಿ ಈ ಪುಟ್ಟದನ್ನು ಹಳೆಯದಾಗೇ ಬಿಟ್ಟುಬಿಡುತ್ತವೆ. ಆಗ ಹಸಿರು ಸೀರೆ, ಪಿ.ಟಿ. ಟೀಶರ್ಟ್ ಎಲ್ಲ ಒಳಗೆ ಹಾಗೇ ಉಳಿದಿರುತ್ತದೆ. ಅಕ್ಕನ ಮಗನಿಗೆ ಕಂಪ್ಯೂಟರ್ ಗೊತ್ತಿದ್ದರೆ exiftool ಹಾಕಿಕೊಂಡು ಈ ಒಂದು ಸಾಲು ಓಡಿಸಲು ಹೇಳಿ. ಬಣ್ಣದ ಪ್ರೊಫೈಲ್ ಬಿಟ್ಟು ಉಳಿದ ಮಾಹಿತಿಯನ್ನು ಅದು ತೆಗೆದುಹಾಕುತ್ತದೆ:

```
exiftool -all= --icc_profile:all shanti-print.jpg
```

ಇದು ಹಳೇ ಫೈಲನ್ನು `shanti-print.jpg_original` ಎಂಬ ಹೆಸರಲ್ಲಿ ಪಕ್ಕದಲ್ಲೇ ಇಡುತ್ತದೆ. ಅದನ್ನು ಯಾರಿಗೂ ಕಳಿಸಬೇಡಿ. ಗಿಂಪ್‌ನ xcf ಫೈಲ್ ಕೂಡ ಅಷ್ಟೇ, ಅದರ ಕೆಳಗಿನ ಲೇಯರ್‌ನಲ್ಲಿ ಒರಿಜಿನಲ್ ಇದೆ.

ಪ್ರಿಂಟ್ ಅಂಗಡಿಯವರು 'ವಾಟ್ಸಾಪ್ ಮಾಡಿ ಮ್ಯಾಡಮ್' ಅನ್ನುತ್ತಾರೆ. ಒಂದು ಖಾಲಿ ಪೆನ್‌ಡ್ರೈವ್‌ನಲ್ಲಿ ಈ ಒಂದೇ ಫೈಲ್ ಹಾಕಿಕೊಂಡು ಹೋಗಿ. ಅವರು ಅದನ್ನು ತಮ್ಮ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಂಡೇ ಪ್ರಿಂಟ್ ಹಾಕುವುದು. ಎಷ್ಟೋ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಹಿಂದಿನವರ ಮದುವೆ, ಮುಂಜಿ ಫೋಟೋಗಳು ಅಲ್ಲೇ ಬಿದ್ದಿರುತ್ತವೆ. ಪ್ರಿಂಟ್ ಕೈಗೆ ಬಂದ ಮೇಲೆ ನಿಮ್ಮೆದುರೇ ಡಿಲೀಟ್ ಮಾಡಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. 12×18 ಇಂಚಿನ ಪ್ರಿಂಟ್‌ಗೆ ಮೊಬೈಲ್‌ನ 12 ಮೆಗಾಪಿಕ್ಸೆಲ್ ಫೋಟೋ ಸಾಕಾಗುತ್ತದೆ, ಇಂಚಿಗೆ ಸುಮಾರು 220 ಚುಕ್ಕೆ ಸಿಗುತ್ತದೆ. ಅದಕ್ಕಿಂತ ದೊಡ್ಡದು ಬೇಕಾದರೆ ಹಾಲ್‌ನಲ್ಲಿ ಫೋಟೋ ತೆಗೆದ ಫೋಟೋಗ್ರಾಫರ್ ಹತ್ತಿರ ಕ್ಯಾಮೆರಾದ ಫೈಲ್ ಕೇಳಿ, ಎಡಿಟ್ ಶುರು ಮಾಡುವ ಮುಂಚೆಯೇ.